ಇಎಸ್‌ಬಿಎಲ್ ಎಂದ ಮಾತ್ರಕ್ಕೆ ಮೆರೋಪೆನೆಮ್ ಬೇಕಿಲ್ಲ

ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ಔಷಧಗಳ ಪಟ್ಟಿ ಮುಗಿದ ಮೇಲೆ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರಾ ಇರುವುದುಂಟು: ‘ಇಎಸ್‌ಬಿಎಲ್ ಉತ್ಪಾದಿಸುವ ಬ್ಯಾಕ್ಟೀರಿಯಾ. ಕಾರ್ಬಪೆನೆಮ್ ಗುಂಪಿನ ಔಷಧ ಸೂಕ್ತ.’ ರೋಗಿಯ ಮನೆಯವರು ಪಟ್ಟಿಯನ್ನು ಬಿಟ್ಟು ಈ ಸಾಲನ್ನು ಮೊದಲು ಓದುತ್ತಾರೆ. ಆಮೇಲೆ ಮೊಬೈಲಿನಲ್ಲಿ ಹುಡುಕುತ್ತಾರೆ. ನನ್ನ ಮುಂದೆ ಬಂದು ಕೂರುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತದೆ.

ಆ ಸಾಲು ಸುಳ್ಳಲ್ಲ. ಆದರೆ ಅದನ್ನು ಬರೆದ ಲ್ಯಾಬಿಗೆ ಗೊತ್ತಿರುವುದು ಬಾಟಲಿಯಲ್ಲಿ ಬಂದ ಮೂತ್ರ ಮಾತ್ರ. ಸೋಂಕು ದೇಹದೊಳಗೆ ಎಲ್ಲಿಯವರೆಗೆ ಹೋಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಔಷಧದ ಆಯ್ಕೆ ನಿಲ್ಲುವುದು ಆ ಪ್ರಶ್ನೆಯ ಮೇಲೆ. ಇದನ್ನು ಒಬ್ಬ ರೋಗಿಯ ಮೂಲಕ ಹೇಳುತ್ತೇನೆ. ಆಕೆ ಒಬ್ಬರೇ ಅಲ್ಲ, ನಾನು ಕಂಡ ಹಲವರನ್ನು ಸೇರಿಸಿ ಮಾಡಿದ ಒಂದು ಉದಾಹರಣೆ.

ಉರಿ ಇದೆ, ಜ್ವರ ಇಲ್ಲ

ಆಕೆ ಅಂಗನವಾಡಿ ಶಿಕ್ಷಕಿ. ವಯಸ್ಸು 56, ತೂಕ 60 ಕಿಲೋ. ಸಕ್ಕರೆ ಕಾಯಿಲೆಗೂ ಬಿ.ಪಿ.ಗೂ ಮಾತ್ರೆ ನುಂಗುತ್ತಾರೆ. ಹತ್ತು ದಿನದಿಂದ ಮೂತ್ರ ಮಾಡುವಾಗ ಉರಿ, ಗಂಟೆಗೊಮ್ಮೆ ಹೋಗಬೇಕೆನ್ನುವ ಒತ್ತಡ, ಕಿಬ್ಬೊಟ್ಟೆಯಲ್ಲಿ ನೋವು. ಮೆಡಿಕಲ್ ಶಾಪಿನಿಂದ ತಂದ ಸೆಫಿಕ್ಸಿಮ್ ಮಾತ್ರೆಯನ್ನು ಐದು ದಿನ ನುಂಗಿದ್ದಾರೆ, ಇಳಿದಿಲ್ಲ. ಕಲ್ಚರ್ ಮಾಡಿಸಿದಾಗ ಒಂದು ಎಂ.ಎಲ್. ಮೂತ್ರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇ. ಕೋಲಿ ಬೆಳೆದಿತ್ತು. ಕೆಳಗೆ ಆ ಷರಾ.

ಜೊತೆಗೆ ಬಂದಿದ್ದ ಮಗ, ‘ಡಾಕ್ಟ್ರೇ, ರಿಪೋರ್ಟಲ್ಲಿ ಅರ್ಧಕ್ಕರ್ಧ ಆರ್ ಅಂತಾನೇ ಇದೆ. ಅಮ್ಮನ್ನ ಅಡ್ಮಿಟ್ ಮಾಡ್ಕೊಂಡು ಸ್ಟ್ರಾಂಗ್ ಇಂಜೆಕ್ಷನ್ನೇ ಹಾಕಿಬಿಡಿ’ ಅಂದ.

‘ಜ್ವರ ಬಂದಿತ್ತಾ ಅಮ್ಮ? ಚಳಿ, ನಡುಕ? ಪಕ್ಕೆ ನೋವು? ವಾಂತಿ?’ ಎಂದು ಕೇಳಿದೆ.

‘ಯಾವುದೂ ಇಲ್ಲ ಸಾರ್. ಉರಿ ಒಂದೇ.’

ಬೆನ್ನಿನ ಕೆಳಪಕ್ಕೆಗೆ ಮೆಲ್ಲಗೆ ಗುದ್ದಿ ನೋಡಿದೆ, ನೋವಿಲ್ಲ. ಅಂದರೆ ಸೋಂಕು ಮೂತ್ರ ತುಂಬಿಕೊಳ್ಳುವ ಚೀಲದಲ್ಲಿ, ಮೂತ್ರಕೋಶದಲ್ಲಿ, ನಿಂತಿದೆ. ಕಿಡ್ನಿಗೆ ಏರಿಲ್ಲ, ರಕ್ತಕ್ಕೆ ಇಳಿದಿಲ್ಲ. ಆಕೆಗೆ ಇಂಜೆಕ್ಷನ್ ಬೇಕಿರಲಿಲ್ಲ.

ಕಿಣ್ವದ ಕತ್ತರಿ ಎಲ್ಲಿ ನಡೆಯುತ್ತದೆ

ಇದು ಅರ್ಥವಾಗಲು ಇಎಸ್‌ಬಿಎಲ್ ಎಂದರೇನು ಎಂಬುದು ಗೊತ್ತಿರಬೇಕು. ಅದು ಬ್ಯಾಕ್ಟೀರಿಯಾದ ಹೆಸರಲ್ಲ, ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವದ ಹೆಸರು. ಪೆನಿಸಿಲಿನ್ ಬಳಗದ ಔಷಧಗಳಿಗೆಲ್ಲ ಬೀಟಾ ಲ್ಯಾಕ್ಟಮ್ ಎಂಬ ನಾಲ್ಕು ಪರಮಾಣುಗಳ ಉಂಗುರ ಇರುತ್ತದೆ. ಅವುಗಳ ಶಕ್ತಿಯೆಲ್ಲ ಆ ಉಂಗುರದಲ್ಲಿ. ಈ ಕಿಣ್ವ ಆ ಉಂಗುರವನ್ನೇ ಕತ್ತರಿಸುತ್ತದೆ. ಹಳೆಯ ಕಿಣ್ವಗಳು ಪೆನಿಸಿಲಿನ್ ಅನ್ನು ಮಾತ್ರ ಕತ್ತರಿಸುತ್ತಿದ್ದವು. 1980ರ ದಶಕದಲ್ಲಿ ಕಾಣಿಸಿಕೊಂಡ ಇವು ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನೂ ಕತ್ತರಿಸಬಲ್ಲವು. ಶಿಕ್ಷಕಿ ನುಂಗಿದ ಐದು ದಿನದ ಮಾತ್ರೆ ಹೀಗೆ ವ್ಯರ್ಥವಾಯಿತು.

ಕಾರ್ಬಪೆನೆಮ್ ಗುಂಪಿನಲ್ಲೂ ಉಂಗುರವಿದೆ. ಆದರೆ ಅದರ ಜೋಡಣೆ ಬೇರೆ, ಈ ಕತ್ತರಿಗೆ ಸಿಕ್ಕುವುದಿಲ್ಲ. ಮೆರೋಪೆನೆಮ್, ಇಮಿಪೆನೆಮ್, ಎರ್ಟಾಪೆನೆಮ್ ಈ ಗುಂಪಿನವು. ಲ್ಯಾಬು ಅವುಗಳನ್ನು ಸೂಚಿಸುವುದು ಇದೇ ಕಾರಣಕ್ಕೆ.

ಆದರೆ ಉಂಗುರವೇ ಇಲ್ಲದ ಔಷಧಗಳೂ ಇವೆ. ನೈಟ್ರೋಫ್ಯುರಾಂಟೋಯಿನ್, ಫಾಸ್ಫೋಮೈಸಿನ್, ಕೋಟ್ರೈಮಾಕ್ಸಜೋಲ್, ಸಿಪ್ರೋಫ್ಲಾಕ್ಸಸಿನ್, ಅಮಿಕಾಸಿನ್. ಕತ್ತರಿಸಲು ಏನೂ ಇಲ್ಲದಲ್ಲಿ ಕತ್ತರಿಯಿಂದ ಪ್ರಯೋಜನವಿಲ್ಲ. ಆದ್ದರಿಂದ ಇಎಸ್‌ಬಿಎಲ್ ಇದೆ ಎಂದ ಮಾತ್ರಕ್ಕೆ ಇವು ಸೋಲುವುದಿಲ್ಲ. ಒಂದು ತೊಡಕಿದೆ. ಈ ಕಿಣ್ವದ ಜೀನು ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕಿನಲ್ಲಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಬೇರೆ ಔಷಧಗಳನ್ನು ತಡೆಯುವ ಜೀನುಗಳೂ ಅನೇಕ ಸಲ ಅದೇ ತುಣುಕಿನಲ್ಲಿರುತ್ತವೆ. ಹಾಗಾಗಿ ಊಹೆ ಮಾಡುವಂತಿಲ್ಲ, ಪಟ್ಟಿಯನ್ನು ನೋಡಲೇಬೇಕು.

ಶಿಕ್ಷಕಿಯ ಪಟ್ಟಿಯಲ್ಲಿ ಆಂಪಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸಿಪ್ರೋಫ್ಲಾಕ್ಸಸಿನ್‌ಗಳ ಮುಂದೆ ‘ಆರ್’ ಇತ್ತು, ಅಂದರೆ ಕೆಲಸ ಮಾಡವು. ನೈಟ್ರೋಫ್ಯುರಾಂಟೋಯಿನ್, ಫಾಸ್ಫೋಮೈಸಿನ್, ಕೋಟ್ರೈಮಾಕ್ಸಜೋಲ್, ಅಮಿಕಾಸಿನ್, ಪಿಪರಾಸಿಲಿನ್-ಟಾಜೋಬ್ಯಾಕ್ಟಮ್, ಮೆರೋಪೆನೆಮ್‌ಗಳ ಮುಂದೆ ‘ಎಸ್’. ಆರು ‘ಎಸ್’ಗಳಲ್ಲಿ ಮೂರು ಬಾಯಿಂದ ತೆಗೆದುಕೊಳ್ಳುವಂಥವು. ಮಗನ ಕಣ್ಣು ‘ಆರ್’ಗಳ ಮೇಲಿತ್ತು, ನನ್ನ ಕಣ್ಣು ಈ ಮೂರರ ಮೇಲೆ.

ಐದು ದಿನದ ಕ್ಯಾಪ್ಸೂಲು

ನೈಟ್ರೋಫ್ಯುರಾಂಟೋಯಿನ್ 1950ರ ದಶಕದಿಂದ ಬಳಕೆಯಲ್ಲಿರುವ ಹಳೆಯ ಔಷಧ. ನುಂಗಿದ ಮೇಲೆ ಕಿಡ್ನಿ ಅದನ್ನು ಬೇಗಬೇಗನೆ ಮೂತ್ರಕ್ಕೆ ತಳ್ಳುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವಷ್ಟು ಅದು ಉಳಿಯುವುದೇ ಇಲ್ಲ, ಮೂತ್ರಕೋಶದಲ್ಲಿ ಮಾತ್ರ ಬೇಕಾದದ್ದಕ್ಕಿಂತ ಹೆಚ್ಚೇ ಸೇರುತ್ತದೆ. ಉಳಿದ ಮೈಗೆ ಹೆಚ್ಚು ತಾಗದೆ, ಸೋಂಕಿರುವ ಚೀಲದೊಳಗೇ ಕೆಲಸ ಮಾಡುವ ಔಷಧ ಇದು.

ಆದರೆ ಇದಕ್ಕೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿರಬೇಕು. ಶಿಕ್ಷಕಿಯ ಕ್ರಿಯಾಟಿನಿನ್ 1.0 ಇತ್ತು. ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೆ ಆಕೆಯ ಕಿಡ್ನಿಗಳು ನಿಮಿಷಕ್ಕೆ ಸುಮಾರು 60 ಎಂ.ಎಲ್. ರಕ್ತ ಶೋಧಿಸುತ್ತಿವೆ. ಈ ಸಂಖ್ಯೆ 30ಕ್ಕಿಂತ ಕೆಳಗಿದ್ದರೆ ಔಷಧ ಮೂತ್ರಕ್ಕೆ ಬರುವ ಬದಲು ಮೈಯಲ್ಲೇ ನಿಂತು ತೊಂದರೆ ಕೊಡುತ್ತದೆ, ಸೋಂಕೂ ಹೋಗುವುದಿಲ್ಲ. ಆಕೆಗೆ ಆ ಭಯವಿರಲಿಲ್ಲ. 100 ಮಿಲಿಗ್ರಾಂನ ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲು, ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟವಾದ ಮೇಲೆ, ಐದು ದಿನ ಎಂದು ಬರೆದುಕೊಟ್ಟೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ ಎಂದೂ ಹೇಳಿದೆ. ಇದನ್ನು ಹೇಳದಿದ್ದರೆ ಎರಡನೇ ದಿನವೇ ಫೋನ್ ಬರುತ್ತದೆ.

ಫಾಸ್ಫೋಮೈಸಿನ್ ಕೊಟ್ಟಿದ್ದರೂ ಆಗುತ್ತಿತ್ತು. ಅದು 3 ಗ್ರಾಂ ಪುಡಿಯ ಒಂದೇ ಒಂದು ಸ್ಯಾಶೆ. ರಾತ್ರಿ ಮಲಗುವ ಮುಂಚೆ ಮೂತ್ರ ಮಾಡಿ ಬಂದು, ಊಟವಾಗಿ ಎರಡು ಮೂರು ಗಂಟೆ ಕಳೆದ ಮೇಲೆ ನೀರಿನಲ್ಲಿ ಕಲಸಿ ಕುಡಿಯಬೇಕು. ಆಗ ಔಷಧ ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಲ್ಲುತ್ತದೆ. ಆದರೆ ಇದನ್ನು ಇ. ಕೋಲಿಗೆ ಮಾತ್ರ ನಂಬಬಹುದು. ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಎಂದಿದ್ದರೆ ಕಥೆ ಬೇರೆ. ಆ ಬ್ಯಾಕ್ಟೀರಿಯಾದಲ್ಲಿ ಫಾಸ್ಫೋಮೈಸಿನ್ ಅನ್ನು ಹಾಳುಮಾಡುವ ಜೀನು ಹುಟ್ಟಿನಿಂದಲೇ ಇರುವುದು ಸಾಮಾನ್ಯ. ಪ್ರೋಟಿಯಸ್ ಎಂದಿದ್ದರೆ ನೈಟ್ರೋಫ್ಯುರಾಂಟೋಯಿನ್ ನಡೆಯುವುದಿಲ್ಲ. ಆದ್ದರಿಂದ ಔಷಧಗಳ ಪಟ್ಟಿಯಷ್ಟೇ ಅಲ್ಲ, ಮೇಲೆ ಬರೆದಿರುವ ಬ್ಯಾಕ್ಟೀರಿಯಾದ ಹೆಸರನ್ನೂ ಓದಬೇಕು.

ಮೂರನೇ ದಿನಕ್ಕೆ ಉರಿ ನಿಂತಿತು. ಐದನೇ ದಿನ ಆಕೆ ಅಂಗನವಾಡಿಗೆ ಹೋದರು.

ಕಾರ್ಬಪೆನೆಮ್ ಉಳಿಸುವುದು ಯಾಕೆ

‘ಗುಣವಾಗೋದು ಖಚಿತ ಅಂದ್ರೆ ದೊಡ್ಡ ಔಷಧಾನೇ ಕೊಟ್ಟರೆ ತಪ್ಪೇನು?’ ಎಂದು ಮಗ ಆ ದಿನ ಕೇಳಿದ್ದ. ನ್ಯಾಯವಾದ ಪ್ರಶ್ನೆ.

ಮೆರೋಪೆನೆಮ್ ಬಾಯಿಂದ ಕೊಡುವಂಥದ್ದಲ್ಲ. ಎಂಟು ಗಂಟೆಗೊಮ್ಮೆ ರಕ್ತನಾಳಕ್ಕೆ ಹಾಕಬೇಕು, ಅಂದರೆ ಆಸ್ಪತ್ರೆಯ ಮಂಚ, ಸೂಜಿ, ಬಿಲ್ಲು. ಅದಕ್ಕಿಂತ ದೊಡ್ಡ ಕಾರಣ ಕರುಳಿನಲ್ಲಿದೆ. ಮೂತ್ರಕೋಶಕ್ಕೆಂದು ಹಾಕಿದ ಮೆರೋಪೆನೆಮ್ ಕರುಳಿನ ಬ್ಯಾಕ್ಟೀರಿಯಾಗಳನ್ನೂ ತಲುಪುತ್ತದೆ. ಅವುಗಳ ನಡುವೆ ಕಾರ್ಬಪೆನೆಮ್ ಅನ್ನೂ ಕತ್ತರಿಸಬಲ್ಲ ಒಂದೆರಡು ಇದ್ದರೆ ಉಳಿದವೆಲ್ಲ ಸತ್ತು ಅವಕ್ಕೆ ಜಾಗ ಸಿಗುತ್ತದೆ. ಅಂಥ ಒಂದು ಕಿಣ್ವದ ಹೆಸರಿನಲ್ಲಿ ನಮ್ಮ ರಾಜಧಾನಿಯೇ ಇದೆ: ಎನ್‌ಡಿಎಂ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯ ಮೂತ್ರದಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ ಅದನ್ನು ಗುರುತಿಸಿ 2009ರಲ್ಲಿ ವರದಿ ಮಾಡಿದರು. ಮುಂದಿನ ಸಲ ಮೂತ್ರದ ಸೋಂಕು ತರುವುದು ಇದೇ ಕರುಳಿನ ಬ್ಯಾಕ್ಟೀರಿಯಾ. ಆಗ ಅದು ಎನ್‌ಡಿಎಂ ಇರುವಂಥದ್ದಾದರೆ ಮೆರೋಪೆನೆಮ್ ಕೂಡ ‘ಆರ್’.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಹೇಳಬೇಕು. ಫಾರೋಪೆನೆಮ್ ಎಂಬ ಮಾತ್ರೆ ನಮ್ಮಲ್ಲಿ ಧಾರಾಳವಾಗಿ ಬರೆಯಲ್ಪಡುತ್ತದೆ, ‘ಮಾತ್ರೆ ರೂಪದ ಕಾರ್ಬಪೆನೆಮ್’ ಎನ್ನುವ ಹಾಗೆ. ಅದು ಕಾರ್ಬಪೆನೆಮ್‌ನ ಹತ್ತಿರದ ನೆಂಟ. ಇಎಸ್‌ಬಿಎಲ್ ಮೂತ್ರಸೋಂಕಿನಲ್ಲಿ ಅದು ಗಟ್ಟಿಯಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಮೇಲಾಗಿ ಕಾರ್ಬಪೆನೆಮ್‌ಗೆ ಜಗ್ಗದ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುವ ಅಪಾಯ ಅದರಲ್ಲೂ ಇದೆ. ಅದನ್ನು ಬರೆದು ಕಾರ್ಬಪೆನೆಮ್ ಉಳಿಸಿದೆವು ಎಂದುಕೊಳ್ಳುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಅದೇ ಬ್ಯಾಕ್ಟೀರಿಯಾ, ಬೇರೆ ಜಾಗ

ನಾಲ್ಕು ತಿಂಗಳ ನಂತರ ಶಿಕ್ಷಕಿ ಮತ್ತೆ ಬಂದರು. ಈ ಸಲ 102 ಡಿಗ್ರಿ ಜ್ವರ, ಹಲ್ಲು ಕಟಕಟಿಸುವ ಚಳಿ. ಬಲಪಕ್ಕೆಗೆ ಕೈ ಮುಟ್ಟಿಸಲು ಬಿಡಲಿಲ್ಲ. ಆದರೆ ನಡೆದುಕೊಂಡೇ ಬಂದಿದ್ದರು, ಬಿ.ಪಿ. 124/78, ಮಾತು ಸ್ಪಷ್ಟ, ಗಂಜಿ ಒಳಗೆ ನಿಲ್ಲುತ್ತಿತ್ತು.

‘ಹೋದ ಸಲ ಕೊಟ್ಟ ಕ್ಯಾಪ್ಸೂಲೇ ತರಿಸಿ ಎರಡು ದಿನ ತಗೊಂಡೆ ಸಾರ್. ಆಗ ಚೆನ್ನಾಗಿ ಹಿಡಿದಿತ್ತು, ಈಗ ಯಾಕೋ ಹಿಡೀಲಿಲ್ಲ.’

ಹಿಡಿಯದೆ ಇದ್ದದ್ದಕ್ಕೆ ಕಾರಣ ಆ ಔಷಧದ ಗುಣದಲ್ಲೇ ಇದೆ. ಅದು ಮೂತ್ರದಲ್ಲಿ ಮಾತ್ರ ಸೇರುತ್ತದೆ. ಈಗ ಸೋಂಕು ಕಿಡ್ನಿಯ ಮಾಂಸದೊಳಗಿದೆ, ಅಲ್ಲಿಗೆ ಅದು ಸಾಕಷ್ಟು ತಲುಪುವುದಿಲ್ಲ. ಫಾಸ್ಫೋಮೈಸಿನ್ ಸ್ಯಾಶೆಯ ಒಂದು ಡೋಸಿನ ಮಿತಿಯೂ ಇದೇ. ರಿಪೋರ್ಟಿನಲ್ಲಿ ‘ಎಸ್’ ಇದ್ದರೂ ಜ್ವರ, ಪಕ್ಕೆನೋವು ಬಂದ ಕ್ಷಣ ಇವೆರಡನ್ನೂ ಪಟ್ಟಿಯಿಂದ ಹೊಡೆದುಹಾಕಬೇಕು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಗೆ ಸೋಂಕು ಸೇರಿದ್ದರೂ ನೈಟ್ರೋಫ್ಯುರಾಂಟೋಯಿನ್ ಆಗದು, ಅಲ್ಲಿಗೂ ಅದು ಹೋಗುವುದಿಲ್ಲ.

ಕಿಡ್ನಿಯ ಸೋಂಕಿಗೆ ಕೋಟ್ರೈಮಾಕ್ಸಜೋಲ್ ಅಥವಾ ಸಿಪ್ರೋಫ್ಲಾಕ್ಸಸಿನ್ ಒಳ್ಳೆಯ ಮಾತ್ರೆಗಳು, ಎರಡೂ ಕಿಡ್ನಿಯ ಒಳಕ್ಕೆ ಇಳಿಯುತ್ತವೆ. ಸಿಪ್ರೋಫ್ಲಾಕ್ಸಸಿನ್ ಹಳೆಯ ರಿಪೋರ್ಟಿನಲ್ಲೇ ‘ಆರ್’. ಕೋಟ್ರೈಮಾಕ್ಸಜೋಲ್ ನಾಲ್ಕು ತಿಂಗಳ ಹಿಂದೆ ‘ಎಸ್’ ಇತ್ತು. ಆದರೆ ಈ ಸಲ ಬಂದಿರುವುದು ಅದೇ ಬ್ಯಾಕ್ಟೀರಿಯಾ ಎಂದು ಹೇಳಲಾಗದು. ಹೊಸ ಕಲ್ಚರ್ ಬರಲು ಎರಡು ಮೂರು ದಿನ ಬೇಕು, ಚಳಿಜ್ವರದಲ್ಲಿ ಅಷ್ಟು ದಿನ ಊಹೆಯ ಮೇಲೆ ಬಿಡುವಂತಿಲ್ಲ.

ಆದ್ದರಿಂದ ಮೂತ್ರ, ರಕ್ತ ಎರಡರ ಕಲ್ಚರ್‌ಗೂ ಮಾದರಿ ತೆಗೆದು ಅಮಿಕಾಸಿನ್ ಶುರು ಮಾಡಿದೆ. ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕ, 60 ಕಿಲೋಗೆ 900 ಮಿಲಿಗ್ರಾಂ. ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಹನಿಸಿದರಾಯಿತು, ದಿನಕ್ಕೆ ಒಂದೇ ಸಲ. ಬೆಳಿಗ್ಗೆ ಬಂದು ಹಾಕಿಸಿಕೊಂಡು ಮನೆಗೆ ಹೋಗಬಹುದು. ಇದಕ್ಕೂ ಬೀಟಾ ಲ್ಯಾಕ್ಟಮ್ ಉಂಗುರವಿಲ್ಲ. ಕಿಡ್ನಿಯ ಹೊರಪದರದಲ್ಲಿ ಗಟ್ಟಿಯಾಗಿ ಸೇರಿಕೊಳ್ಳುವ ಗುಣ ಇದಕ್ಕಿದೆ.

ಆ ಗುಣವೇ ಇದರ ದೋಷವೂ ಹೌದು. ದಿನಗಟ್ಟಲೆ ಕೊಟ್ಟರೆ ಅಲ್ಲಿಯೇ ಕೂತು ಕಿಡ್ನಿಯನ್ನು ಹಾಳುಮಾಡುತ್ತದೆ, ಒಳಕಿವಿಗೂ ಪೆಟ್ಟು ಕೊಡುತ್ತದೆ. ಆ ಪೆಟ್ಟು ವಾಸಿಯಾಗದೆ ಉಳಿಯಬಹುದು. ಹಾಗಾಗಿ ನಾನು ಮೂರು ವಿಷಯ ಹೇಳಿದೆ. ಎರಡು ದಿನಕ್ಕೊಮ್ಮೆ ಕ್ರಿಯಾಟಿನಿನ್ ನೋಡೋಣ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ, ಅವೂ ಕಿಡ್ನಿಗೆ ಭಾರ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಕಿವಿಯಲ್ಲಿ ಗುಂಯ್ ಎಂದರೆ, ತಲೆ ತಿರುಗಿದರೆ ಆ ದಿನವೇ ಹೇಳಿ. ಆಕೆಯ ಕ್ರಿಯಾಟಿನಿನ್ ಮೊದಲೇ 2 ಇದ್ದಿದ್ದರೆ ಅಮಿಕಾಸಿನ್ ಆರಿಸುತ್ತಿರಲಿಲ್ಲ. ದಿನಕ್ಕೆ ಒಂದೇ ಸಲ ಹಾಕುವ ಎರ್ಟಾಪೆನೆಮ್ ಕೊಡುತ್ತಿದ್ದೆ. ಕಾರ್ಬಪೆನೆಮ್ ಉಳಿಸಲು ಹೋಗಿ ಕಿಡ್ನಿ ಕಳೆಯುವುದು ಉಳಿತಾಯವಲ್ಲ.

ಮೂರನೇ ದಿನ ಜ್ವರ ಇಳಿಯಿತು, ರಿಪೋರ್ಟೂ ಬಂತು. ಇ. ಕೋಲಿ, ಇಎಸ್‌ಬಿಎಲ್, ಕೋಟ್ರೈಮಾಕ್ಸಜೋಲ್ ‘ಎಸ್’. ರಕ್ತದಲ್ಲಿ ಏನೂ ಬೆಳೆದಿರಲಿಲ್ಲ. ಇಂಜೆಕ್ಷನ್ ನಿಲ್ಲಿಸಿ ಕೋಟ್ರೈಮಾಕ್ಸಜೋಲ್ ಡಬಲ್ ಸ್ಟ್ರೆಂತ್ ಮಾತ್ರೆ ದಿನಕ್ಕೆರಡು, ಇನ್ನು ನಾಲ್ಕು ದಿನ, ಒಟ್ಟು ಏಳು ದಿನದ ಚಿಕಿತ್ಸೆ ಎಂದೆ. ಸಲ್ಫಾ ಅಲರ್ಜಿ ಇಲ್ಲವೆಂದು ಖಚಿತಪಡಿಸಿಕೊಂಡೆ. ಆಕೆಯ ಬಿ.ಪಿ. ಮಾತ್ರೆ ಟೆಲ್ಮಿಸಾರ್ಟಾನ್. ಅದೂ ಈ ಮಾತ್ರೆಯೂ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ, ಎರಡೂ ಸೇರಿದರೆ ಹೃದಯದ ಬಡಿತ ತಪ್ಪುವಷ್ಟು ಏರಬಹುದು. ಅದಕ್ಕೇ ಪೊಟ್ಯಾಸಿಯಂ ಪರೀಕ್ಷೆಯನ್ನೂ ಮಾಡಿಸಿದೆ. ಮೂರನೇ ದಿನವೂ ಜ್ವರ ಇಳಿಯದಿದ್ದರೆ ಔಷಧ ಬದಲಿಸುವ ಮುಂಚೆ ಸ್ಕ್ಯಾನ್ ಮಾಡಿಸುತ್ತಿದ್ದೆ. ಕಲ್ಲು ಅಡ್ಡ ಕೂತು ಕೀವು ಕಟ್ಟಿಕೊಂಡಿದ್ದರೆ ಯಾವ ಔಷಧವೂ ಕೆಲಸ ಮಾಡದು, ಆ ಕೀವಿಗೆ ದಾರಿ ಮಾಡಿಕೊಡಬೇಕು.

‘ಎಸ್’ ಇದ್ದರೂ ನಂಬಬಾರದ ಜಾಗ

ಪಟ್ಟಿಯಲ್ಲಿ ಪಿಪರಾಸಿಲಿನ್-ಟಾಜೋಬ್ಯಾಕ್ಟಮ್‌ಗೂ ‘ಎಸ್’ ಇತ್ತು. ಇದರಲ್ಲಿ ಪಿಪರಾಸಿಲಿನ್‌ಗೆ ಉಂಗುರವಿದೆ, ಕಿಣ್ವವನ್ನು ತಡೆಹಿಡಿಯಲು ಟಾಜೋಬ್ಯಾಕ್ಟಮ್ ಜೊತೆಗಿದೆ. ಲ್ಯಾಬಿನ ತಟ್ಟೆಯಲ್ಲಿ ಈ ಜೋಡಿ ಗೆಲ್ಲುತ್ತದೆ. ಹಾಗಾದರೆ ಮೆರೋಪೆನೆಮ್ ಬದಲು ಇದನ್ನೇ ಕೊಡಬಹುದಲ್ಲ ಎಂದು ವೈದ್ಯರು ಬಹಳ ವರ್ಷ ನಂಬಿದ್ದರು.

ಅದನ್ನು ಪರೀಕ್ಷಿಸಿದ್ದು ಮೆರಿನೋ ಎಂಬ ಅಧ್ಯಯನ, ಪ್ರಕಟವಾದದ್ದು 2018ರಲ್ಲಿ. ಸೆಫ್ಟ್ರಿಯಾಕ್ಸೋನ್‌ಗೆ ಜಗ್ಗದ ಇ. ಕೋಲಿ ಅಥವಾ ಕ್ಲೆಬ್ಸಿಯೆಲ್ಲಾ ರಕ್ತದಲ್ಲೇ ಬೆಳೆದ ರೋಗಿಗಳು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ಮೂತ್ರದಿಂದಲೇ ಹೊರಟಿತ್ತು. ಮೆರೋಪೆನೆಮ್ ಪಡೆದ 191 ಜನರಲ್ಲಿ 30 ದಿನದೊಳಗೆ ತೀರಿಕೊಂಡವರು 7. ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ ಪಡೆದ 187 ಜನರಲ್ಲಿ 23. ಕೆಲವು ಬ್ಯಾಕ್ಟೀರಿಯಾಗಳಿಗೆ ‘ಎಸ್’ ಎಂದು ಕೊಟ್ಟ ಫಲಿತಾಂಶವೇ ತಪ್ಪಾಗಿತ್ತು, ಅವನ್ನು ಬಿಟ್ಟರೆ ಅಂತರ ಕಡಿಮೆಯಾಗುತ್ತದೆ ಎಂದು ಆಮೇಲೆ ಮರುಪರೀಕ್ಷೆ ತೋರಿಸಿತು. ಆದರೆ ನಮ್ಮ ಕೈಗೆ ಬರುವುದೂ ಅಂಥದೇ ಲ್ಯಾಬ್ ರಿಪೋರ್ಟು ತಾನೇ? ರಕ್ತಕ್ಕೆ ಇಳಿದ ಸೋಂಕಿನಲ್ಲಿ ಈ ಔಷಧದ ಮೇಲೆ ಪಣ ಕಟ್ಟಬಾರದು. ಅದೇ, ಮೂತ್ರಕೋಶದ ಸೋಂಕಿಗೆ ಯಾರೋ ಇದನ್ನು ಶುರುಮಾಡಿದ್ದು, ರಿಪೋರ್ಟ್ ಬರುವ ಹೊತ್ತಿಗೆ ರೋಗಿ ಸುಧಾರಿಸಿದ್ದರೆ ಬದಲಿಸುವ ಅಗತ್ಯವೂ ಇಲ್ಲ.

ಮಂಚದ ಮೇಲಿನ ರೋಗಿಗೆ ಬೇರೆ ಇಂಜೆಕ್ಷನ್‌ಗಳೂ ಬರುತ್ತಿವೆ. ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್‌ಮೆಟಾಜೋಬ್ಯಾಕ್ಟಮ್ ಅನ್ನು ಸೆಫೆಪಿಮ್ ಜೊತೆ ಬೆರೆಸಿದ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಫಾಸ್ಫೋಮೈಸಿನ್ ರಕ್ತನಾಳಕ್ಕೆ ಹಾಕುವ ರೂಪದಲ್ಲೂ ಇದೆ. ಆದರೆ ಅದರ ಪ್ರತಿ ಗ್ರಾಂನಲ್ಲಿ 330 ಮಿಲಿಗ್ರಾಂ ಸೋಡಿಯಂ ಇರುತ್ತದೆ, ದುರ್ಬಲ ಹೃದಯದವರಿಗೆ ಅದು ಉಸಿರುಕಟ್ಟಿಸಬಹುದು.

ಉಳಿಸಬಾರದ ಹೊತ್ತು

ಶಿಕ್ಷಕಿಯನ್ನು ಮಗ ಎತ್ತಿಕೊಂಡು ಬಂದಿದ್ದರೆ? ಮೇಲಿನ ಬಿ.ಪಿ. 90ಕ್ಕಿಂತ ಕೆಳಗೆ, ಉಸಿರು ಏದುಸಿರು, ಮಾತು ತಡಬಡ, ಆರು ಗಂಟೆಯಿಂದ ಮೂತ್ರ ಇಲ್ಲ. ಆಗ ರಿಪೋರ್ಟಿಗೂ ಕಾಯುವುದಿಲ್ಲ. ಹಿಂದೆ ಇಎಸ್‌ಬಿಎಲ್ ಬೆಳೆದಿತ್ತು ಎಂಬುದೊಂದೇ ಸಾಕು, ಮೆರೋಪೆನೆಮ್ 1 ಗ್ರಾಂ ಎಂಟು ಗಂಟೆಗೊಮ್ಮೆ, ಮೊದಲ ಡೋಸು ಒಂದು ಗಂಟೆಯೊಳಗೆ. ಚೇತರಿಸಿಕೊಂಡು ಬಾಯಿಂದ ತಿನ್ನುವಂತಾದ ಮೇಲೆ ಕಲ್ಚರ್ ನೋಡಿ ಕಿಡ್ನಿಗೂ ರಕ್ತಕ್ಕೂ ತಲುಪುವ ಮಾತ್ರೆಗೆ ಇಳಿಸಬಹುದು. ಮೂತ್ರಕೋಶದ ಉರಿಗೆ ಖರ್ಚು ಮಾಡದೆ ಇಟ್ಟ ಮೆರೋಪೆನೆಮ್ ಇರುವುದು ಇಂಥ ರಾತ್ರಿಗಾಗಿ.

ಇಲ್ಲಿ ಕೊಟ್ಟ ಡೋಸುಗಳು ಈ ಒಬ್ಬ ರೋಗಿಯ ಲೆಕ್ಕ. ಗರ್ಭಿಣಿಯರಿಗೆ, ಮಕ್ಕಳಿಗೆ, ಕಿಡ್ನಿ ಕುಗ್ಗಿದವರಿಗೆ ಲೆಕ್ಕ ಬೇರೆಯಾಗುತ್ತದೆ. ಓದುಗರು ಮಾಡಬಹುದಾದದ್ದು ಬೇರೆ ಇದೆ. ಹಳೆಯ ಕಲ್ಚರ್ ರಿಪೋರ್ಟುಗಳನ್ನು ಎಸೆಯಬೇಡಿ, ವೈದ್ಯರ ಹತ್ತಿರ ಹೋಗುವಾಗ ಅವನ್ನೂ, ಕ್ರಿಯಾಟಿನಿನ್ ರಿಪೋರ್ಟನ್ನೂ, ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಜ್ವರ, ನಡುಕ, ಪಕ್ಕೆನೋವು ಇದ್ದರೆ ಕೇಳುವ ಮುಂಚೆಯೇ ಹೇಳಿ. ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆ ನುಂಗಬೇಡಿ.

ವರ್ಷದ ಕೊನೆಗೆ ಶಿಕ್ಷಕಿ ಒಂದು ಆರೋಗ್ಯ ಶಿಬಿರದಲ್ಲಿ ಸುಮ್ಮನೆ ಮೂತ್ರ ಪರೀಕ್ಷೆ ಮಾಡಿಸಿಕೊಂಡು, ರಿಪೋರ್ಟ್ ಹಿಡಿದು ಗಾಬರಿಯಲ್ಲಿ ಬಂದರು. ಇ. ಕೋಲಿ, ಒಂದು ಲಕ್ಷಕ್ಕೂ ಹೆಚ್ಚು, ಇಎಸ್‌ಬಿಎಲ್, ಕೆಳಗೆ ಅದೇ ಷರಾ. ಉರಿ ಇರಲಿಲ್ಲ, ಜ್ವರ ಇರಲಿಲ್ಲ, ಪಕ್ಕೆನೋವು ಇರಲಿಲ್ಲ. ಗರ್ಭಿಣಿಯರನ್ನೂ ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೊರಟವರನ್ನೂ ಬಿಟ್ಟರೆ, ತೊಂದರೆಯೇ ಕೊಡದೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾಗೆ ಚಿಕಿತ್ಸೆ ಇಲ್ಲ, ಸಕ್ಕರೆ ಕಾಯಿಲೆ ಇದ್ದರೂ ಇಲ್ಲ. ಆ ದಿನ ಆಕೆಗೆ ನಾನು ಮೆರೋಪೆನೆಮ್ ಬರೆಯಲಿಲ್ಲ, ಅಮಿಕಾಸಿನ್ ಬರೆಯಲಿಲ್ಲ, ಕ್ಯಾಪ್ಸೂಲನ್ನೂ ಬರೆಯಲಿಲ್ಲ.